ವಿಭಕ್ತಿ, ಸಂಧಿ, ಸಮಾಸ: ಇಂಗ್ಲಿಷ್ ಹೆಸರುಗಳ ಹೊಂದಿಕೆ

ಭಾಲ್ಕಿಯ ಅಥವಾ ಔರಾದದ ಪ್ರೌಢಶಾಲೆಯಲ್ಲಿ ಓದುವ ವಿದ್ಯಾರ್ಥಿಯು ವ್ಯಾಕರಣದ ಹೆಸರುಗಳನ್ನು ಒಂದೇ ಭಾಷೆಯಲ್ಲಿ ಕಲಿಯುವುದಿಲ್ಲ. ಕನ್ನಡ ಪಾಠದಲ್ಲಿ ಅವನು ವಿಭಕ್ತಿಯೆಂದು ಓದಿದುದನ್ನು ಇಂಗ್ಲಿಷ್ ಪಾಠದಲ್ಲಿ ‘ಕೇಸ್’ ಎಂದು ಕೇಳುತ್ತಾನೆ. ಮನೆಯ ಸುತ್ತಲೂ ಮರಾಠಿ, ಪೇಟೆಯಲ್ಲಿ ಉರ್ದು. ಮರಾಠಿಯ ವ್ಯಾಕರಣವೂ ಸಂಸ್ಕೃತದಿಂದಲೇ ಹೆಸರುಗಳನ್ನು ಪಡೆದುದರಿಂದ ಅಲ್ಲಿ ಸಂಧಿ, ಸಮಾಸ, ವಿಭಕ್ತಿಗಳು ಹಾಗೆಯೇ ಉಳಿದಿವೆ. ಉರ್ದುವಿನ ವ್ಯಾಕರಣವಾದರೋ ಅರಬ್ಬಿಯ ಹೆಸರುಗಳದು. ನಿಜಾಮರ ಆಳ್ವಿಕೆಯಲ್ಲಿ ಈ ಭಾಗದ ಶಿಕ್ಷಣ ಉರ್ದುವಿನಲ್ಲಿ ನಡೆಯುತ್ತಿತ್ತು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಫಲಕದ ಮೇಲಿನ ಹೆಸರು ಒಂದು, ಒಳಗಿನ ವಸ್ತು ಇನ್ನೊಂದು. ವ್ಯಾಕರಣದ ಪಾರಿಭಾಷಿಕ ಪದಗಳಲ್ಲಿಯೂ ಇಂಥದೊಂದು ಅಂತರವಿರುವುದುಂಟು. ಅದನ್ನು ತಿಳಿಯದೆ ಹೆಸರಿಗೆ ಹೆಸರು ಬಾಯಿಪಾಠ ಮಾಡಿದವನು ಪ್ರಯೋಗದಲ್ಲಿ ತಪ್ಪುತ್ತಾನೆ.

ಒಂದು ಸರಳ ವಾಕ್ಯವನ್ನು ತೆಗೆದುಕೊಳ್ಳಬಹುದು: ‘ಅವನು ಮಳೆಗಾಲದಲ್ಲಿ ಭಾಲ್ಕಿಯಿಂದ ಬೀದರಿಗೆ ಬಂದನು.’ ಮೂರು ಪಾರಿಭಾಷಿಕಗಳಿಗೂ ಇದರಲ್ಲಿ ಉದಾಹರಣೆ ದೊರೆಯುತ್ತದೆ.

ಮೊದಲು ‘ಭಾಲ್ಕಿಯಿಂದ’ ಎಂಬ ಪದ. ಭಾಲ್ಕಿ ಎಂಬುದು ನಾಮಪ್ರಕೃತಿ, ‘ಇಂದ’ ಎಂಬುದು ವಿಭಕ್ತಿಪ್ರತ್ಯಯ. ಇದೇ ಅರ್ಥವನ್ನು ಇಂಗ್ಲಿಷಿನಲ್ಲಿ ‘ಫ್ರಂ ಭಾಲ್ಕಿ’ ಎನ್ನುತ್ತಾರೆ. ಇದನ್ನು ಕಂಡ ವಿದ್ಯಾರ್ಥಿಯು ವಿಭಕ್ತಿಯೆಂದರೆ ‘ಪ್ರಿಪೊಸಿಷನ್’ ಎಂದು ಬರೆದುಬಿಡುವುದುಂಟು. ಅದು ಸರಿಯಲ್ಲ. ವಿಭಕ್ತಿಗೆ ಸಲ್ಲುವ ಹೆಸರು ‘ಕೇಸ್’. ಕಿಟೆಲರು 1903ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣದಲ್ಲಿಯೂ ಇದೇ ಪದವಿದೆ. ಪ್ರಿಪೊಸಿಷನ್ ಎಂಬುದು ನಾಮಪದದ ಮುಂದೆ ನಿಲ್ಲುವ ಬೇರೊಂದು ಪದ. ನಾಮಪದದ ರೂಪವನ್ನು ಅದು ಮುಟ್ಟುವುದಿಲ್ಲ. ವಿಭಕ್ತಿಪ್ರತ್ಯಯವಾದರೋ ನಾಮಪದಕ್ಕೆ ಅಂಟಿಕೊಳ್ಳುತ್ತದೆ, ತಾನೊಂದೇ ನಿಲ್ಲಲಾರದು. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೂ ವಿಭಕ್ತಿರೂಪಗಳಿದ್ದವು. ಇಂದು ‘ಹಿ’, ‘ಹಿಮ್’, ‘ಹಿಸ್’ ಮುಂತಾದ ಸರ್ವನಾಮಗಳಲ್ಲಿಯೂ, ಷಷ್ಠಿಯ ಸಕಾರದಲ್ಲಿಯೂ ಅವುಗಳ ಗುರುತು ಉಳಿದಿದೆ. ಕನ್ನಡದಲ್ಲಿ ಪ್ರತ್ಯಯವು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಪ್ರಿಪೊಸಿಷನ್ ಮಾಡುತ್ತದೆ. ಕೆಲಸ ಒಂದೇ ಆದರೂ ವ್ಯಾಕರಣದ ವರ್ಗ ಬೇರೆ.

ಈಗ ನಿಜವಾದ ತೊಡಕು ಬರುತ್ತದೆ. ‘ಇಂದ’ ಎಂಬುದು ತೃತೀಯೆಯ ಪ್ರತ್ಯಯವೆಂದು ಪಠ್ಯಪುಸ್ತಕ ಹೇಳುತ್ತದೆ. ತೃತೀಯೆಗೆ ಇಂಗ್ಲಿಷಿನಲ್ಲಿ ‘ಇನ್‌ಸ್ಟ್ರುಮೆಂಟಲ್’ ಎಂದು ಹೆಸರು. ಸಾಧನವನ್ನು ಹೇಳುವುದು ಅದರ ಕೆಲಸ. ‘ಕೊಡಲಿಯಿಂದ ಕಡಿದನು’ ಎಂಬಲ್ಲಿ ಕೊಡಲಿ ಸಾಧನವೇ ಸರಿ. ಆದರೆ ‘ಭಾಲ್ಕಿಯಿಂದ ಬಂದನು’ ಎಂಬಲ್ಲಿ ಭಾಲ್ಕಿ ಸಾಧನವಲ್ಲ, ಬಿಟ್ಟುಬಂದ ಸ್ಥಳ. ಇದು ಅಪಾದಾನ. ಅದಕ್ಕೆ ಸಲ್ಲುವುದು ಪಂಚಮೀ, ಇಂಗ್ಲಿಷಿನ ‘ಅಬ್ಲೇಟಿವ್’. ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ಶಾಲೆಯ ಪಟ್ಟಿಗಳು ಕೊಡುತ್ತವೆ; ಹದಿಮೂರನೆಯ ಶತಮಾನದ ಕೇಶಿರಾಜನು ‘ಅತ್ತಣಿಂ’ ಎಂಬುದನ್ನು ಹೇಳಿದ್ದಾನೆ. ಇವೆರಡನ್ನೂ ಬಿಡಿಸಿ ನೋಡಬೇಕು. ದೆಸೆ ಎಂದರೆ ದಿಕ್ಕು. ಅದರ ಮೇಲೆ ‘ಇಂದ’. ಅತ್ತಣ ಎಂದರೆ ಆ ಕಡೆಯ. ಅದರ ಮೇಲೆ ‘ಇಂ’. ಪಂಚಮಿಯದೆಂದು ಹೇಳಿದ ಪ್ರತ್ಯಯದ ಒಳಗೆ ತೃತೀಯೆಯ ಪ್ರತ್ಯಯವೇ ಕುಳಿತಿದೆ. ಸಂಸ್ಕೃತದ ಏಳು ವಿಭಕ್ತಿಗಳ ಚೌಕಟ್ಟನ್ನು ಕನ್ನಡಕ್ಕೆ ಹೊಂದಿಸುವಾಗ ಐದನೆಯ ಮನೆ ಬರಿದಾಗಬಾರದೆಂದು ಹೀಗೆ ತುಂಬಿದಂತೆ ತೋರುತ್ತದೆ. ‘ಭಾಲ್ಕಿಯ ದೆಸೆಯಿಂದ ಬಂದನು’ ಎಂದು ಆಡುಮಾತಿನಲ್ಲಿ ಯಾರೂ ಹೇಳುವುದಿಲ್ಲ.

ಈ ಭೇದವನ್ನು ಅರಿಯಲು ಔರಾದ, ಭಾಲ್ಕಿಗಳ ವಿದ್ಯಾರ್ಥಿಗೆ ಒಂದು ಅನುಕೂಲವಿದೆ; ಮೈಸೂರಿನ ವಿದ್ಯಾರ್ಥಿಗೆ ಅದು ಸಾಮಾನ್ಯವಾಗಿ ಇಲ್ಲ. ಅವನಿಗೆ ತಿಳಿದ ಮರಾಠಿಯಲ್ಲಿ ಈ ಎರಡು ವಿಭಕ್ತಿಗಳು ಬೇರೆಬೇರೆಯಾಗಿಯೇ ಇವೆ. ಚಾಕುವಿನಿಂದ ಎನ್ನಲು ‘ಚಾಕೂನೇ’ ಎಂದೂ, ಭಾಲ್ಕಿಯಿಂದ ಎನ್ನಲು ‘ಭಾಲ್ಕೀಹೂನ್’ ಎಂದೂ ಹೇಳುತ್ತಾರೆ. ಉರ್ದುವಿನಲ್ಲಾದರೆ ಎರಡಕ್ಕೂ ‘ಸೇ’ ಒಂದೇ. ಅದು ಕನ್ನಡದ ‘ಇಂದ’ದಂತೆ ಎರಡು ಹೊರೆಗಳನ್ನೂ ಹೊರುತ್ತದೆ. ಆದುದರಿಂದ ಕನ್ನಡ ವಾಕ್ಯದ ‘ಇಂದ’ಕ್ಕೆ ಇಂಗ್ಲಿಷ್ ಹೆಸರು ಯಾವುದೆಂಬ ಸಂದೇಹ ಬಂದಾಗ, ಆ ವಾಕ್ಯವನ್ನು ಮನಸ್ಸಿನಲ್ಲಿ ಮರಾಠಿಗೆ ತಿರುಗಿಸಿದರೆ ಸಾಕು. ‘ನೇ’ ಬಂದರೆ ಇನ್‌ಸ್ಟ್ರುಮೆಂಟಲ್, ‘ಹೂನ್’ ಅಥವಾ ‘ಊನ್’ ಬಂದರೆ ಅಬ್ಲೇಟಿವ್. ಪರೀಕ್ಷೆಯಲ್ಲಿ ‘ಇಂದ’ ಯಾವ ವಿಭಕ್ತಿಯ ಪ್ರತ್ಯಯವೆಂದು ಮಾತ್ರ ಕೇಳಿದರೆ ಪುಸ್ತಕದಂತೆ ತೃತೀಯೆಯೆಂದು ಬರೆಯುವುದೇ ಕ್ಷೇಮ. ಇಂಗ್ಲಿಷಿಗೆ ಅನುವಾದಿಸುವಾಗ ಮಾತ್ರ ಅರ್ಥವನ್ನು ನೋಡಿ ‘ವಿತ್’ ಅಥವಾ ‘ಫ್ರಂ’ ಎಂಬುದನ್ನು ಆರಿಸಬೇಕು.

ಉಳಿದ ವಿಭಕ್ತಿಗಳಲ್ಲಿ ಇಷ್ಟು ತೊಡಕಿಲ್ಲ. ಪ್ರಥಮೆ ನಾಮಿನೇಟಿವ್, ದ್ವಿತೀಯೆ ಅಕ್ಯುಸೇಟಿವ್, ಚತುರ್ಥಿ ಡೇಟಿವ್, ಷಷ್ಠಿ ಜೆನಿಟಿವ್, ಸಪ್ತಮಿ ಲೋಕೇಟಿವ್. ಚತುರ್ಥಿಯಲ್ಲಿ ಒಂದು ಎಚ್ಚರಿಕೆ ಬೇಕು. ‘ಅವನಿಗೆ ಹಸಿವಾಗಿದೆ’ ಎಂಬಲ್ಲಿಯ ಚತುರ್ಥಿಯು ಇಂಗ್ಲಿಷಿಗೆ ಹೋದಾಗ ಪ್ರಥಮೆಯಾಗಿ ‘ಹಿ’ ಎಂದಾಗುತ್ತದೆ; ಅಲ್ಲಿ ‘ಟು ಹಿಮ್’ ಎಂದು ಬರೆದರೆ ತಪ್ಪಾಗುತ್ತದೆ. ಇನ್ನು ಊರಿನ ಹೆಸರು ಹೇಗೆ ಕೊನೆಗೊಳ್ಳುತ್ತದೆ ಎಂಬುದರ ಮೇಲೆ ಚತುರ್ಥಿಯ ರೂಪವೂ ಬದಲಾಗುತ್ತದೆ. ಔರಾದ ಎಂದು ಅಕಾರಾಂತವಾಗಿ ಹಿಡಿದರೆ ಔರಾದಕ್ಕೆ, ಔರಾದ್ ಎಂದು ವ್ಯಂಜನಾಂತವಾಗಿ ಹಿಡಿದರೆ ಔರಾದಿಗೆ. ಬೀದರಕ್ಕೆ, ಬೀದರಿಗೆ ಎಂಬ ಎರಡು ರೂಪಗಳಿಗೂ ಇದೇ ಕಾರಣ. ಇಂಗ್ಲಿಷಿನ ‘ಟು’ ಎಂಬುದಕ್ಕೆ ಈ ಚಿಂತೆಯೇ ಇಲ್ಲ.

ಮತ್ತೆ ‘ಭಾಲ್ಕಿಯಿಂದ’ ಎಂಬುದಕ್ಕೆ ಬರಬಹುದು. ಭಾಲ್ಕಿ ಮತ್ತು ಇಂದ ಸೇರುವಲ್ಲಿ ಎರಡು ಸ್ವರಗಳ ನಡುವೆ ಒಂದು ಯಕಾರ ಹೊಸದಾಗಿ ಬಂದಿದೆ. ಇದು ಆಗಮಸಂಧಿ. ಸಂಧಿಗೆ ಇಂಗ್ಲಿಷಿನಲ್ಲಿ ಸ್ವಂತದ ಹೆಸರು ನೆಲೆಗೊಳ್ಳಲಿಲ್ಲ. ಭಾಷಾವಿದ್ವಾಂಸರು ಸಂಸ್ಕೃತದ ‘ಸಂಧಿ’ ಎಂಬ ಪದವನ್ನೇ ಎತ್ತಿಕೊಂಡು ಇಂಗ್ಲಿಷಿನಲ್ಲಿ ಬಳಸುತ್ತ ಬಂದಿದ್ದಾರೆ. ಹೆಸರಿಲ್ಲದಿದ್ದರೂ ವಸ್ತು ಅಲ್ಲಿ ಇಲ್ಲದಿಲ್ಲ. ನಿಷೇಧಾರ್ಥದ ‘ಇನ್’ ಎಂಬುದು ‘ಪಾಸಿಬಲ್’ ಎಂಬುದರ ಮುಂದೆ ಬಂದಾಗ ‘ಇಂಪಾಸಿಬಲ್’ ಆಗುತ್ತದೆ. ನಕಾರದ ಸ್ಥಾನದಲ್ಲಿ ಮಕಾರ ಬಂದುದರಿಂದ ಅದು ಆದೇಶವೇ. ಆದರೆ ಇಂಗ್ಲಿಷಿನಲ್ಲಿ ಸಂಧಿಯು ಹೆಚ್ಚಾಗಿ ಉಚ್ಚಾರದಲ್ಲಿ ನಡೆಯುತ್ತದೆ, ಬರವಣಿಗೆಯಲ್ಲಿ ವಿರಳವಾಗಿ ತೋರುತ್ತದೆ.

ಕೊನೆಯದು ‘ಮಳೆಗಾಲ’. ಮಳೆಯ ಕಾಲ ಎಂಬ ವಿಗ್ರಹವಾಕ್ಯದಲ್ಲಿಯ ಷಷ್ಠಿಯು ಅಳಿದು, ಎರಡು ಪದಗಳು ಒಂದಾಗಿ ತತ್ಪುರುಷ ಸಮಾಸವಾಗಿದೆ. ಸಮಾಸಕ್ಕೆ ಇಂಗ್ಲಿಷಿನಲ್ಲಿ ‘ಕಾಂಪೌಂಡ್’ ಎಂದು ಹೆಸರು. ಕಕಾರವು ಗಕಾರವಾದುದು ಆದೇಶಸಂಧಿ. ಒಂದೇ ಪದದಲ್ಲಿ ಎರಡೂ ಇರುವುದರಿಂದ ಇವೆರಡೂ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ‘ತಲೆನೋವು’ ಎಂಬ ಪದವು ಈ ಭ್ರಮೆಯನ್ನು ಕಳೆಯುತ್ತದೆ: ಇಲ್ಲಿ ಸಮಾಸವಿದೆ, ಆದರೆ ಯಾವ ಅಕ್ಷರವೂ ಬದಲಾಗಿಲ್ಲ. ‘ಭಾಲ್ಕಿಯಿಂದ’ ಎಂಬಲ್ಲಿ ಸಂಧಿಯಿದೆ, ಸಮಾಸವಿಲ್ಲ. ಏಕೆಂದರೆ ‘ಇಂದ’ ಎಂಬುದು ಪ್ರತ್ಯಯ, ಸ್ವತಂತ್ರ ಪದವಲ್ಲ. ಸಂಧಿ ಧ್ವನಿಗಳ ಕೂಟ, ಸಮಾಸ ಅರ್ಥವುಳ್ಳ ಪದಗಳ ಕೂಟ. ತಲೆನೋವಿಗೆ ಇಂಗ್ಲಿಷಿನ ‘ಹೆಡೇಕ್’ ಕೂಡ ಕಾಂಪೌಂಡೇ. ಮಳೆಗಾಲವಾದರೋ ಇಂಗ್ಲಿಷಿನಲ್ಲಿ ‘ರೇನಿ ಸೀಸನ್’ ಎಂದು ವಿಶೇಷಣ, ವಿಶೇಷ್ಯಗಳಾಗಿ ಬಿಡಿಯಾಗಿಯೇ ನಿಲ್ಲುತ್ತದೆ. ಅದನ್ನು ಕಾಂಪೌಂಡ್ ಎನ್ನುವಂತಿಲ್ಲ.