ಬಾಕಿ ಹಣ ಕೇಳುವ ಇಮೇಲ್: ‘ಕೈಂಡ್ಲಿ’ ತೆಗೆದ ಮೇಲೆ

‘ಕೈಂಡ್ಲಿ ಡು ದಿ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್’ ಎಂಬ ಸಾಲು ಭಾರತದ ಕಚೇರಿಗಳಲ್ಲಿ ಸಲೀಸಾಗಿ ಓಡಾಡುತ್ತದೆ. ಆದರೆ ಲಂಡನ್ನಿನ ಗ್ರಾಹಕರಿಗೆ ಅದು ಹಳೆಯ ಸರ್ಕಾರಿ ಪತ್ರದಂತೆ, ಕೆಲವೊಮ್ಮೆ ಗದರಿಕೆಯಂತೆಯೂ ಕೇಳಬಹುದು. ‘ಕೈಂಡ್ಲಿ’ ಸೇರಿದರೂ ‘ಡು’ ಆಜ್ಞೆಯಾಗಿಯೇ ಉಳಿಯುತ್ತದೆ. ಅದಕ್ಕಿಂತ ದೊಡ್ಡ ದೋಷವೆಂದರೆ, ಎಷ್ಟು ಹಣ, ಯಾವ ಬಿಲ್ಲಿನದು, ಯಾವಾಗ ಬೇಕು ಎಂಬುದು ಅದರಲ್ಲಿ ಇಲ್ಲವೇ ಇಲ್ಲ.

ಉದಾಹರಣೆಗೆ, 27ನೇ ಸಂಖ್ಯೆಯ ಇನ್‌ವಾಯ್ಸ್, ಮೊತ್ತ 48,000 ರೂಪಾಯಿ, ಗಡುವು ಜೂನ್ 10 ಎಂದಿಟ್ಟುಕೊಳ್ಳಿ. ಈ ಮೂರೂ ವಿವರ ವಿಷಯದ ಸಾಲಿನಲ್ಲೇ ಇರಲಿ. ಲೆಕ್ಕ ವಿಭಾಗದವರು ಹುಡುಕುವುದು ಇವನ್ನೇ. ಮೊದಲ ವಾಕ್ಯ ಸಂಗತಿಯನ್ನಷ್ಟೇ ಹೇಳಲಿ: ಜೂನ್ 10ಕ್ಕೆ ಬರಬೇಕಿದ್ದ ಮೊತ್ತ ಇನ್ನೂ ಬಂದಿಲ್ಲ. ಮುಂದಿನದು ಪ್ರಶ್ನೆಯಾಗಲಿ: ‘ಕುಡ್ ಯು ಪ್ಲೀಸ್ ಲೆಟ್ ಮಿ ನೋ ವೆನ್ ವಿ ಕ್ಯಾನ್ ಎಕ್ಸ್‌ಪೆಕ್ಟ್ ಪೇಮೆಂಟ್?’ ಇದಕ್ಕೆ ಉತ್ತರವಾಗಿ ಒಂದು ತಾರೀಖನ್ನೇ ಕೊಡಬೇಕಾಗುತ್ತದೆ.

‘ಯು ಶುಡ್ ಪೇ’ ಎಂದರೆ ಉಪದೇಶ, ‘ಯು ಮಸ್ಟ್ ಪೇ’ ಎಂದರೆ ಎಚ್ಚರಿಕೆ. ‘ಮಸ್ಟ್’ ಏನಿದ್ದರೂ ಕೊನೆಯ ನೋಟಿಸಿಗೆ. ಹಾಗೆಂದು ‘ಕುಡ್ ಯು ಪಾಸಿಬ್ಲಿ’ ಎಂದು ಬಳುಕುವುದೂ ಬೇಡ. ದುಡಿದ ಹಣ ಕೇಳುವುದು ಸಾಲ ಬೇಡಿದಂತಲ್ಲ. ಎರಡನೇ ನೆನಪೋಲೆಯಲ್ಲಿ ‘ಪ್ಲೀಸ್ ಪೇ ಬೈ ಜೂನ್ 25’ ಎಂಬ ನೇರ ಮಾತು ಸಾಕು. ಹಣ ಆಗಲೇ ಕಳುಹಿಸಿದ್ದರೆ ಈ ಪತ್ರವನ್ನು ಕಡೆಗಣಿಸಿ ಎಂಬ ಸಾಲನ್ನು ಕೊನೆಗೆ ಸೇರಿಸಿ, ಇನ್‌ವಾಯ್ಸ್ ಪ್ರತಿಯನ್ನು ಮತ್ತೆ ಲಗತ್ತಿಸಿ.