ಸಾವಿರ ಸಬ್‌ಸ್ಕ್ರೈಬರ್, ನೋಡುವವರು ಮಾತ್ರ ಹತ್ತೇ ಮಂದಿ

ಹೊನ್ನಾವರದ ಯಕ್ಷಗಾನ, ಭಟ್ಕಳದ ಬಿರಿಯಾನಿ, ಕುಮಟಾದ ಸಿಹಿ ಈರುಳ್ಳಿ ಎಂದು ಯೂಟ್ಯೂಬ್ ಚಾನೆಲ್ ಶುರು ಮಾಡಿದವರಿಗೆಲ್ಲ ಮೊದಲು ಕಾಣುವ ಬೆಟ್ಟ 1000 ಸಬ್‌ಸ್ಕ್ರೈಬರ್. ಜಾಹೀರಾತಿನ ಹಣ ಬರಬೇಕಾದರೆ ಅಷ್ಟೇ ಸಾಲದು. ಒಂದು ವರ್ಷದಲ್ಲಿ 4000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆಯೂ ಬೇಕು. ಹೊಸಬರನ್ನು ‘ನೀವು ನಮಗೆ ಸಬ್ ಮಾಡಿ, ನಾವು ನಿಮಗೆ’ ಎನ್ನುವ ವಾಟ್ಸ್ಯಾಪ್ ಗ್ರೂಪುಗಳಿಗೆ ತಂದು ನಿಲ್ಲಿಸುವುದು ಈ ಲೆಕ್ಕವೇ.

ಬಡಗುತಿಟ್ಟಿನ ಹನ್ನೆರಡು ನಿಮಿಷದ ಒಂದು ತುಣುಕು ಹಾಕಿದ್ದೀರಿ ಅಂದುಕೊಳ್ಳಿ. ಗ್ರೂಪಿನ 200 ಮಂದಿ ಬಂದು, ತಲಾ ಅರ್ಧ ನಿಮಿಷ ಓಡಿಸಿ, ಲೈಕ್ ಒತ್ತಿ ಹೋದರು. ಒಟ್ಟು 100 ನಿಮಿಷ. ಆಟದ ಹುಚ್ಚಿರುವ ಹತ್ತೇ ಮಂದಿ ಹತ್ತು ಹತ್ತು ನಿಮಿಷ ನೋಡಿದರೂ ಅಷ್ಟೇ ಆಗುತ್ತದೆ. ವ್ಯತ್ಯಾಸ ಆಮೇಲೆ ಗೊತ್ತಾಗುತ್ತದೆ. ಹೊಸ ವಿಡಿಯೊವನ್ನು ಯಾರ ಮುಂದೆ ಇಡಬೇಕೆಂದು ಯೂಟ್ಯೂಬ್ ತಿಳಿಯುವುದು, ಈಗಾಗಲೇ ನೋಡಿದವರು ಇನ್ನೇನೇನು ನೋಡುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದರಿಂದ. ಆ ಹತ್ತು ಮಂದಿಯ ಜಾಡು ಹಿಡಿದರೆ ಇನ್ನಷ್ಟು ಯಕ್ಷಗಾನ ಪ್ರೇಮಿಗಳು ಸಿಗುತ್ತಾರೆ. ಗ್ರೂಪಿನ 200 ಮಂದಿಯಲ್ಲಿ ಒಬ್ಬರದು ಗೇಮ್, ಇನ್ನೊಬ್ಬರದು ಹೊಲಿಗೆ, ಮತ್ತೊಬ್ಬರದು ಹಿಂದಿ ಶಾಯರಿ. ಭಾಗವತಿಕೆ ಅವರಿಗೆ ಬೇಕಿಲ್ಲ. ಜನರ ಮುಂದೆ ಇಟ್ಟರೂ ನಿಲ್ಲುವುದಿಲ್ಲ ಎಂಬ ಲೆಕ್ಕ ನಿಮ್ಮ ವಿಡಿಯೊಗೆ ಅಂಟುತ್ತದೆ.

ಇದು ಯಾರೂ ಶಿಕ್ಷೆ ಕೊಡುವ ಮೊದಲೇ ಆಗುವ ನಷ್ಟ. ದುಡ್ಡು ಕೊಟ್ಟು ಸಬ್‌ಸ್ಕ್ರೈಬರುಗಳನ್ನು ಕೊಂಡರೆ, ಅಂಥ ಖಾತೆಗಳನ್ನು ಯೂಟ್ಯೂಬ್ ಆಗಾಗ ಅಳಿಸುವುದರಿಂದ ಸಂಖ್ಯೆ ತಾನಾಗಿ ಇಳಿಯುತ್ತದೆ. ಸಬ್ ವಿನಿಮಯವೂ ನಿಯಮಬಾಹಿರವೇ. YouTube Studioದಲ್ಲಿ ವಿಡಿಯೊದ ವೀಕ್ಷಣೆಯ ಗೆರೆ ಮೊದಲ ಅರ್ಧ ನಿಮಿಷದಲ್ಲೇ ಕಡಿದು ಬಿದ್ದಿದ್ದರೆ, ಲೈಕು ಮಾತ್ರ ಧಾರಾಳವಾಗಿದ್ದರೆ, ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಚಾನೆಲ್ ಸ್ವಲ್ಪ ಬೆಳೆದ ಮೇಲೆ ಬರುವ ಮೋಸ ಬೇರೆ. ‘ನಿಮ್ಮ ಮುರ್ಡೇಶ್ವರ ವಿಡಿಯೊ ಚೆನ್ನಾಗಿದೆ, ನಮ್ಮ ಕ್ಯಾಮೆರಾ ಪ್ರಚಾರ ಮಾಡಿ’ ಎಂದು ಇಮೇಲ್. ಹಣದ ಮಾತು ಉದಾರವಾಗಿಯೇ ಇರುತ್ತದೆ. ಎರಡನೇ ಪತ್ರದಲ್ಲಿ ‘ಒಪ್ಪಂದ’ ಬರುತ್ತದೆ: ಪಾಸ್‌ವರ್ಡ್ ಹಾಕಿದ .zip ಕಡತ. ಪಾಸ್‌ವರ್ಡ್ ಹಾಕುವುದೇ ವೈರಸ್ ತಪಾಸಣೆಯ ಕಣ್ಣು ತಪ್ಪಿಸಲು. ಒಳಗೆ ಪಿಡಿಎಫ್ ಚಿತ್ರ ಹೊತ್ತ ಕಡತದ ನಿಜವಾದ ಬಾಲ .exe ಅಥವಾ .scr. ತೆರೆದರೆ, ಬ್ರೌಸರಿನಲ್ಲಿ ನೀವು ಆಗಲೇ ಲಾಗಿನ್ ಆಗಿರುವ ಗುರುತು, ಅಂದರೆ ಕುಕಿ, ಕಳ್ಳನ ಕೈಸೇರುತ್ತದೆ. ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಆಮೇಲೆ ಚಾನೆಲಿನ ಹೆಸರು ಬದಲಾಗಿ ಕ್ರಿಪ್ಟೊ ಲೈವ್ ಓಡತೊಡಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಚಾನೆಲೂ ಹ್ಯಾಕ್ ಆಗಿ ಕ್ರಿಪ್ಟೊ ವಿಡಿಯೊ ತೋರಿಸಿತ್ತು.

ನಿಜವಾದ ಕಂಪನಿಗೆ ಒಪ್ಪಂದ ಕಳಿಸಲು ಸಾದಾ ಪಿಡಿಎಫ್ ಸಾಕು. ಅದರ ಜಾಲತಾಣದಲ್ಲಿರುವ ವಿಳಾಸಕ್ಕೆ ನೀವೇ ಬರೆದು ಕೇಳಿ. ಪತ್ರದಲ್ಲಿ ಕೊಟ್ಟ ವಿಳಾಸಕ್ಕಲ್ಲ. ಆ .zip ಕಡತವನ್ನು ಆಗಲೇ ತೆರೆದುಬಿಟ್ಟಿದ್ದರೆ ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತು, ಬೇರೆ ಫೋನಿನಿಂದ ಗೂಗಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ದುಡ್ಡೂ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.