ಮೇಜೋ, ಗೆಳೆಯನೋ?

ಹನೋಯಿಯ ವಿಯೆಟ್ನಾಮೀಸ್‌ನಲ್ಲಿ ‘ಬಾನ್’ ಎಂದರೆ ಮೇಜೂ ಹೌದು, ಗೆಳೆಯನೂ ಹೌದು. ಬೇರೆಯಾಗುವುದು ರಾಗದಲ್ಲಿ ಮಾತ್ರ. ಎರಡರಲ್ಲೂ ದನಿ ಇಳಿಯುವುದರಿಂದ ಹೊಸಬರು ಎಡವುತ್ತಾರೆ. ಇಳಿತವನ್ನಲ್ಲ, ಕೊನೆಯನ್ನು ಕೇಳಬೇಕು. ಮೇಜಿನ ‘ಹ್ವೀನ್’ ರಾಗ ಸಡಿಲವಾಗಿ, ಉಸಿರು ಬೆರೆತು ನಿಧಾನ ಇಳಿಯುತ್ತದೆ. ಗೆಳೆಯನ ‘ನಾಂಗ್’ ಗಿಡ್ಡ. ಗಂಟಲು ಬಿಗಿದು ದನಿ ತಟ್ಟನೆ ನಿಲ್ಲುತ್ತದೆ.

ಅಭ್ಯಾಸಕ್ಕೆ ಹನೋಯಿಯವರೊಬ್ಬರಿಂದ ಎರಡನ್ನೂ ಹತ್ತು ಹತ್ತು ಸಲ ಹೇಳಿಸಿ, ರೆಕಾರ್ಡ್ ಮಾಡಿ, ಕಲಸಿ ಕೇಳಿ. ಮೊದಲ ಸುತ್ತಿನಲ್ಲಿ ಅರ್ಥ ಬೇಡ. ‘ಉದ್ದ’, ‘ತುಂಡು’ ಎಂದಷ್ಟೇ ಗುರುತು ಹಾಕಿ. ಆಮೇಲೆ ಅರ್ಥ ಹೇಳಿ. ತಪ್ಪೆಲ್ಲ ‘ಮೇಜು’ ಕಡೆಗೇ ವಾಲಿದರೆ ಕಿವಿಗೆ ಗಂಟಲ ಬಿಗಿತ ಇನ್ನೂ ಸಿಕ್ಕಿಲ್ಲ. ಒಂದೇ ದನಿಗೆ ಒಗ್ಗಿಬಿಡುವುದು ಸುಲಭ, ಹಾಗಾಗಿ ಮುಂದೆ ಬೇರೊಬ್ಬರ ದನಿ ಬೇಕು. ಸೈಗಾನ್‌ನವರದು ಮಾತ್ರ ಈಗಲೇ ಬೇಡ: ಅಲ್ಲಿ ‘ನಾಂಗ್’ ಹೀಗೆ ತುಂಡಾಗುವುದಿಲ್ಲ, ತಗ್ಗಿ ತುಸು ಏಳುತ್ತದೆ.